ಆರು ವಿಷಯ ಬರೆದಿದ್ದೀರಾ? ಬೆಸ್ಟ್ ಆಫ್ ಫೈವ್ ಪರ್ಸೆಂಟೇಜ್ ಲೆಕ್ಕ ಹಾಕುವ ಸರಿಯಾದ ಕ್ರಮ

ಬೋರ್ಡ್ ರಿಸಲ್ಟ್ ಬಂದ ಮೇಲೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಗಳು ಸಿಬಿಎಸ್ಇಯಲ್ಲಿ ಆರು ವಿಷಯ ಬರೆದಿದ್ದಾಳೆ. ಮಾರ್ಕ್ಸ್ ಕಾರ್ಡಿನಲ್ಲಿ ಪರ್ಸೆಂಟೇಜ್ ಇಲ್ಲ. ಅರ್ಜಿಯಲ್ಲಿ ಕೇಳುತ್ತಿದ್ದಾರೆ. ಆರನ್ನೂ ಕೂಡಿ 600ರಿಂದ ಭಾಗಿಸಬೇಕಾ, ಐದನ್ನು ಮಾತ್ರ ತಗೊಳ್ಳಬೇಕಾ? ಐದು ಅಂದರೆ ಯಾವ ಐದು?"

ಮಾರ್ಕ್ಸ್ ಕಾರ್ಡಿನಲ್ಲಿ ಪರ್ಸೆಂಟೇಜ್ ಇಲ್ಲದಿರುವುದು ಪ್ರಿಂಟಿಂಗ್ ತಪ್ಪಲ್ಲ. ಸಿಬಿಎಸ್ಇ ಪರ್ಸೆಂಟೇಜ್ ಲೆಕ್ಕ ಹಾಕುವುದೇ ಇಲ್ಲ. ಒಟ್ಟಾರೆ ಡಿವಿಷನ್, ಡಿಸ್ಟಿಂಕ್ಷನ್, ಅಗ್ರಿಗೇಟ್ ಕೊಡುವುದಿಲ್ಲ ಎಂದು ಅದರ ಪರೀಕ್ಷಾ ನಿಯಮದಲ್ಲೇ ಇದೆ. ಅಗ್ರಿಗೇಟ್ ಅಂದರೆ ವಿಷಯಗಳ ಅಂಕ ಕೂಡಿಸಿ ತೆಗೆದ ಒಟ್ಟು ಲೆಕ್ಕ. 2023ರ ಡಿಸೆಂಬರ್‌ನಲ್ಲಿ ಬೋರ್ಡ್ ಇದನ್ನೇ ಮತ್ತೊಮ್ಮೆ ನೋಟಿಸ್ ಹೊರಡಿಸಿ ಹೇಳಿತು. ವಿದ್ಯಾರ್ಥಿ ಐದಕ್ಕಿಂತ ಜಾಸ್ತಿ ವಿಷಯ ಬರೆದಿದ್ದರೆ ಯಾವ ಐದನ್ನು ಪರಿಗಣಿಸಬೇಕು ಎನ್ನುವುದನ್ನು ಸೇರಿಸಿಕೊಳ್ಳುವ ಕಾಲೇಜು ಅಥವಾ ಕೆಲಸ ಕೊಡುವವರು ತೀರ್ಮಾನಿಸಬಹುದು ಎನ್ನುತ್ತದೆ ಆ ನಿಯಮ.

ಹಾಗಾಗಿ "ನನ್ನ ಬೆಸ್ಟ್ ಆಫ್ ಫೈವ್ ಎಷ್ಟು" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಕೇಳುವವರು ಬದಲಾದರೆ ಉತ್ತರವೂ ಬದಲಾಗುತ್ತದೆ. ಅದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಮಾರ್ಕ್ಸ್ ಕಾರ್ಡಿನಿಂದ ಸರಿಯಾದ ಕಾಲಂ ಬರೆದುಕೊಳ್ಳಿ

ಶಾಲೆಯಿಂದ ಬಂದ ಮಾರ್ಕ್ಸ್ ಕಾರ್ಡ್ ಅಥವಾ ಡಿಜಿಲಾಕರ್‌ನ ಪ್ರತಿ ಮುಂದಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್ ಸಾಲದು, ಅದರಲ್ಲಿ ಅರ್ಧ ಕಾಲಂ ಕತ್ತರಿಸಿಹೋಗಿರುತ್ತದೆ.

ಪ್ರತಿ ವಿಷಯದ ಮುಂದೆ ಮೂರು ಅಂಕ ಕಾಣುತ್ತವೆ: ಥಿಯರಿ, ಪ್ರಾಕ್ಟಿಕಲ್ ಅಥವಾ ಇಂಟರ್ನಲ್, ಆಮೇಲೆ ಒಟ್ಟು. ನಿಮಗೆ ಬೇಕಾಗಿರುವುದು ಒಟ್ಟು ಮಾತ್ರ. ಗಡಿಬಿಡಿಯಲ್ಲಿ ಥಿಯರಿ ಕಾಲಂ ಕೂಡಿಸಿ, "ಇಷ್ಟು ಕಡಿಮೆ ಹೇಗೆ ಬಂತು" ಎಂದು ಗಾಬರಿಯಾದವರನ್ನು ನೋಡಿದ್ದೇನೆ. 12ನೇ ತರಗತಿಯ ಫಿಸಿಕ್ಸ್‌ನಲ್ಲಿ ಥಿಯರಿ 70ಕ್ಕೆ, ಪ್ರಾಕ್ಟಿಕಲ್ 30ಕ್ಕೆ. ಮ್ಯಾಥ್ಸ್‌ನಲ್ಲಿ ಅದೇ 80 ಮತ್ತು 20. ಥಿಯರಿ ಮಾತ್ರ ಕೂಡಿಸಿದರೆ ಯಾವ ಲೆಕ್ಕವೂ ಹೊಂದುವುದಿಲ್ಲ.

ಆರನೆಯ ವಿಷಯ ಕೆಳಗೆ "ಅಡಿಷನಲ್ ಸಬ್ಜೆಕ್ಟ್", ಅಂದರೆ ಹೆಚ್ಚುವರಿ ವಿಷಯ, ಎಂಬ ತಲೆಬರಹದಡಿ ಬೇರೆಯಾಗಿ ಇರುತ್ತದೆ. ಅದರ ಮೇಲಿರುವ ಐದು ಮುಖ್ಯ ವಿಷಯಗಳು. ಈ ಗೆರೆ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ. ವರ್ಕ್ ಎಜುಕೇಷನ್‌ನಂಥ ಬರೀ ಗ್ರೇಡ್ ಕೊಟ್ಟ ವಿಷಯಗಳನ್ನು ಬಿಟ್ಟುಬಿಡಿ. ಪರ್ಸೆಂಟೇಜ್‌ಗೆ ಅವು ಬರುವುದಿಲ್ಲ.

ಹಾಗೆಯೇ ಎ1, ಬಿ1 ಗ್ರೇಡುಗಳಿಂದ ಪರ್ಸೆಂಟೇಜ್ ಊಹಿಸಬೇಡಿ. ಸಿಬಿಎಸ್ಇಯಲ್ಲಿ ಎ1 ಅಂದರೆ 90ಕ್ಕಿಂತ ಮೇಲೆ ಎಂದಲ್ಲ. ಆ ವಿಷಯದಲ್ಲಿ ಪಾಸಾದವರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೊದಲ ಎಂಟನೇ ಒಂದು ಭಾಗಕ್ಕೆ ಎ1. "ಸಿಜಿಪಿಎಯನ್ನು 9.5ರಿಂದ ಗುಣಿಸಿ" ಎನ್ನುವ ಹಳೆಯ ಸೂತ್ರವೂ ಈಗಿನವರಿಗಲ್ಲ. ಹತ್ತನೇ ತರಗತಿಗೆ ಸಿಜಿಪಿಎ ಕೊಡುತ್ತಿದ್ದ ಕಾಲದ್ದು ಅದು. 2018ರಿಂದ ಮತ್ತೆ ಅಂಕಗಳೇ ಬಂದಿವೆ.

ಹಂತ 2: ಅರ್ಜಿಯ ವಾಕ್ಯ ಏನು ಕೇಳುತ್ತಿದೆ ನೋಡಿ

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ, ಕ್ಯಾಲ್ಕುಲೇಟರ್ ಹಿಡಿದಾಗ ಅಲ್ಲ. ಅರ್ಜಿಯಲ್ಲಿ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಮಾತು ಇರುತ್ತದೆ.

"ಎಲ್ಲಾ ವಿಷಯಗಳ ಒಟ್ಟು" ಎಂದಿದ್ದರೆ ಆರೂ ಸೇರುತ್ತವೆ, ಭಾಜಕ 600. "ಬೆಸ್ಟ್ ಆಫ್ ಫೈವ್" ಎಂದಷ್ಟೇ ಇದ್ದರೆ ಆರರಲ್ಲಿ ತೀರಾ ಕಡಿಮೆ ಅಂಕದ ಒಂದನ್ನು ಬಿಟ್ಟು ಉಳಿದ ಐದು. "ಇಂಗ್ಲಿಷ್ ಸೇರಿ ಬೆಸ್ಟ್ ಆಫ್ ಫೈವ್" ಎಂದಿದ್ದರೆ ಇಂಗ್ಲಿಷ್ ಅಂಕ ಎಷ್ಟೇ ಕಡಿಮೆ ಇರಲಿ ಅದು ಇರಲೇಬೇಕು, ಬಿಡುವುದು ಮಿಕ್ಕ ಐದರಲ್ಲಿ ಒಂದನ್ನು. ನಾಲ್ಕನೆಯದು, ವಿಷಯಗಳ ಹೆಸರನ್ನೇ ಹೇಳಿಬಿಡುವುದು: ಇಂತಿಂಥ ಮೂರು, ಒಂದು ಭಾಷೆ, ಇನ್ನೊಂದು ಯಾವುದಾದರೂ. ಆಗ "ಬೆಸ್ಟ್" ಅನ್ನೋ ಪದ ಅಲ್ಲಿದ್ದರೂ ನಿಮ್ಮ ಆಯ್ಕೆಗೆ ಉಳಿಯುವುದು ಒಂದೋ ಎರಡೋ ಜಾಗ ಅಷ್ಟೇ.

ಬರೀ "ಅಗ್ರಿಗೇಟ್" ಎಂದು ಬರೆದು ಸುಮ್ಮನಾದ ಅರ್ಜಿಗಳೂ ಇವೆ. ಆಗ ಪ್ರಾಸ್ಪೆಕ್ಟಸ್‌ನಲ್ಲಿ ಅರ್ಹತೆಯ ಪುಟ ತೆಗೆಯಿರಿ. ಅಲ್ಲೂ ಸಿಗದಿದ್ದರೆ ಅಡ್ಮಿಷನ್ ಆಫೀಸಿಗೆ ಇಮೇಲ್ ಮಾಡಿ. ಫೋನಿನಲ್ಲಿ ಕೇಳಿದರೆ ಉತ್ತರ ಬೇಗ ಸಿಗುತ್ತದೆ ನಿಜ. ಆದರೆ ನಾಳೆ ದಾಖಲೆ ಪರಿಶೀಲನೆಯ ದಿನ "ಯಾರೋ ಫೋನಿನಲ್ಲಿ ಹೇಳಿದ್ದರು" ಅಂದರೆ ನಡೆಯಲ್ಲ.

ಹಂತ 3: ಒಂದೇ ಕಾರ್ಡಿನಿಂದ ಐದು ಉತ್ತರ

ಒಂದು ಉದಾಹರಣೆಯನ್ನು ಪೂರ್ತಿ ಮಾಡೋಣ. 12ನೇ ತರಗತಿಯ ಒಬ್ಬ ಹುಡುಗ, ಊಹೆಯವನೇ. ಅವನ ಅಂಕಗಳು ಹೀಗಿವೆ:

ಇಂಗ್ಲಿಷ್ 78
ಮ್ಯಾಥ್ಸ್ 66
ಫಿಸಿಕ್ಸ್ 71
ಕೆಮಿಸ್ಟ್ರಿ 69
ಕಂಪ್ಯೂಟರ್ ಸೈನ್ಸ್ 88
ಫಿಸಿಕಲ್ ಎಜುಕೇಷನ್ 94 (ಹೆಚ್ಚುವರಿ ವಿಷಯ)

ಆರನ್ನೂ ಕೂಡಿದರೆ 466. ಇದನ್ನು 600ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 77.67.

ಮುಖ್ಯ ಐದು ವಿಷಯ ಮಾತ್ರ ತೆಗೆದುಕೊಂಡರೆ 372. 500ಕ್ಕೆ ಶೇ. 74.4.

ಷರತ್ತಿಲ್ಲದ ಬೆಸ್ಟ್ ಆಫ್ ಫೈವ್ ಆದರೆ ಕಡಿಮೆ ಅಂಕ ಇರುವ ಮ್ಯಾಥ್ಸ್ ಬಿಟ್ಟುಹೋಗುತ್ತದೆ. 466ರಲ್ಲಿ 66 ಕಳೆದರೆ 400. ಶೇ. 80 ಸರಿಯಾಗಿ.

ಈಗ ಇದೇ ಹುಡುಗ ಜೆಇಇ ಬರೆದು ಎನ್ಐಟಿಗೆ ಹೋಗಬೇಕು ಅಂದುಕೊಂಡಿದ್ದಾನೆ. ಐಐಟಿ, ಎನ್ಐಟಿ ಸೀಟು ಹಂಚುವ ಜೋಸಾ ಪ್ರಕ್ರಿಯೆಯಲ್ಲಿ 12ನೇ ತರಗತಿಯಲ್ಲಿ ಕನಿಷ್ಠ ಶೇ. 75 ಇರಬೇಕು, ಇಲ್ಲವೇ ತನ್ನ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಇರಬೇಕು. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 65. ಪರ್ಸೆಂಟೈಲ್ ಅಂದರೆ ಪರ್ಸೆಂಟೇಜ್ ಅಲ್ಲ, ಉಳಿದವರಿಗೆ ಹೋಲಿಸಿದಾಗ ನೀವು ಎಲ್ಲಿ ನಿಲ್ಲುತ್ತೀರಿ ಎನ್ನುವ ಅಳತೆ.

ಈ ಶೇ. 75 ಯಾವ ಐದು ವಿಷಯದ್ದು? ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಕಡ್ಡಾಯ. ನಾಲ್ಕನೆಯದು ಒಂದು ಭಾಷೆ, ಎರಡು ಭಾಷೆ ಓದಿದ್ದರೆ ಜಾಸ್ತಿ ಅಂಕ ಬಂದದ್ದು. ಐದನೆಯದು ಉಳಿದ ವಿಷಯಗಳಲ್ಲಿ ಹೆಚ್ಚು ಅಂಕ ಇರುವುದು. ನಮ್ಮ ಹುಡುಗನಿಗೆ 71, 69, 66 ಕೂಡಿ 206. ಇಂಗ್ಲಿಷ್ 78 ಸೇರಿ 284. ಫಿಸಿಕಲ್ ಎಜುಕೇಷನ್ 94 ಸೇರಿ 378. ಅಂದರೆ ಶೇ. 75.6.

ಗಮನಿಸಿದಿರಾ? ಮುಖ್ಯ ಐದನ್ನು ಕೂಡಿಸಿದ್ದರೆ 74.4 ಬಂದು "ಎನ್ಐಟಿ ಕೈತಪ್ಪಿತು" ಎಂದು ಆತ ಸುಮ್ನೆ ಕೊರಗುತ್ತಿದ್ದ. 80 ಎಂದು ನಂಬಿದ್ದರೆ ಇನ್ನೊಂದು ಥರದ ಅಪಾಯ, ಏಕೆಂದರೆ ಜೋಸಾ ಲೆಕ್ಕದಲ್ಲಿ ಮ್ಯಾಥ್ಸ್ ಬಿಡಲು ಆಗುವುದೇ ಇಲ್ಲ. ಅವನ ಕೈಲಿರುವ ಅಂತರ ಕೇವಲ ಮೂರು ಅಂಕ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ ಯಾವುದಾದರೂ ವಿಷಯದಲ್ಲಿ ಅಂಕ ಇಳಿದರೆ ಏನಾಗುತ್ತದೆ ಎಂದು ಯೋಚಿಸಬೇಕಾದ ಸ್ಥಿತಿ ಅದು. ಅಂಕ ಇಳಿಯಲೂಬಹುದು, ಮರೆಯಬೇಡಿ.

ಐದನೇ ಉತ್ತರ ಕೆಸಿಇಟಿಗೆ ಸಂಬಂಧಿಸಿದ್ದು. ಅಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, 12ನೇ ತರಗತಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಇನ್ನರ್ಧ. ಬೆಸ್ಟ್ ಆಫ್ ಫೈವ್ ಅನ್ನೋ ಮಾತೇ ಇಲ್ಲ. ನಮ್ಮ ಹುಡುಗನ 206ನ್ನು 300ರಿಂದ ಭಾಗಿಸಿದರೆ ಶೇ. 68.67. ಫಿಸಿಕಲ್ ಎಜುಕೇಷನ್‌ನ 94 ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಹಂತ 4: ಇಂಗ್ಲಿಷ್ ಕಡ್ಡಾಯ ಇದ್ದಾಗ

ಮೇಲಿನ ಹುಡುಗನ ಇಂಗ್ಲಿಷ್ ಅಂಕ ಚೆನ್ನಾಗಿಯೇ ಇತ್ತು, ಹಾಗಾಗಿ ಭಾಷೆಯ ಷರತ್ತು ಅವನಿಗೆ ತಟ್ಟಲಿಲ್ಲ. ಹತ್ತನೇ ತರಗತಿಯಲ್ಲಿ ಇದು ಚೆನ್ನಾಗಿ ತಟ್ಟುತ್ತದೆ. ಇನ್ನೊಂದು ಕಾರ್ಡ್ ನೋಡಿ: ಇಂಗ್ಲಿಷ್ 68, ಕನ್ನಡ 89, ಮ್ಯಾಥ್ಸ್ 74, ಸೈನ್ಸ್ 77, ಸೋಷಿಯಲ್ 85, ಆರನೆಯದಾಗಿ ಇನ್ಫರ್ಮೇಷನ್ ಟೆಕ್ನಾಲಜಿ 96.

ಆರರ ಮೊತ್ತ 489. ಷರತ್ತಿಲ್ಲದೆ ಅತಿ ಕಡಿಮೆಯದನ್ನು ಬಿಟ್ಟರೆ ಇಂಗ್ಲಿಷ್ ಹೋಗಿ 421 ಉಳಿಯುತ್ತದೆ, ಶೇ. 84.2. ಇಂಗ್ಲಿಷ್ ಕಡ್ಡಾಯ ಅಂದರೆ ಅದನ್ನು ಬಿಡುವಂತಿಲ್ಲ. ಉಳಿದ ಐದರಲ್ಲಿ ಕಡಿಮೆ ಇರುವ ಮ್ಯಾಥ್ಸ್‌ನ 74 ಹೋಗುತ್ತದೆ. 415, ಅಂದರೆ ಶೇ. 83.

ಇಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಇನ್ಫರ್ಮೇಷನ್ ಟೆಕ್ನಾಲಜಿ ಸ್ಕಿಲ್ ಸಬ್ಜೆಕ್ಟ್, ಅಂದರೆ ಕೌಶಲ ವಿಷಯ. ಸೇರಬೇಕಾದ ಕಾಲೇಜು ಅದನ್ನು ಲೆಕ್ಕಕ್ಕೆ ತಗೊಳ್ಳುತ್ತದಾ? ತಗೊಳ್ಳದಿದ್ದರೆ ಮುಖ್ಯ ಐದರ 393 ಮಾತ್ರ ಉಳಿಯುತ್ತದೆ, ಶೇ. 78.6. 84.2 ಎಂದು ಊರಿಗೆಲ್ಲ ಹೇಳಿ ಆದ ಮೇಲೆ 78.6 ಎಂದು ತಿಳಿದರೆ ಮನೆಯಲ್ಲಿ ಹೇಗಿರುತ್ತದೆ ಅಂತ ಹೇಳಬೇಕಿಲ್ಲ, ಅಲ್ವಾ?

ಹಂತ 5: ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವುದಾದರೆ

ಐದು ದೊಡ್ಡ ಅಂಕ ಹುಡುಕಿ ಕೂಡಿಸುವುದಕ್ಕಿಂತ ಆರನ್ನೂ ಕೂಡಿಸಿ ಒಂದನ್ನು ಕಳೆಯುವುದು ಸುಲಭ. ಆರು ಅಂಕಗಳನ್ನು `B2` ರಿಂದ `B7` ವರೆಗೆ ತುಂಬಿ. ಇಂಗ್ಲಿಷ್ `B2` ನಲ್ಲಿರಲಿ. ಷರತ್ತಿಲ್ಲದ ಲೆಕ್ಕಕ್ಕೆ ಇದು:

```
=(SUM(B2:B7)-MIN(B2:B7))/5
```

ಇಂಗ್ಲಿಷ್ ಕಡ್ಡಾಯ ಇದ್ದರೆ ಎರಡನೇ ಭಾಗದಲ್ಲಿ `B2` ಬದಲು `B3`:

```
=(SUM(B2:B7)-MIN(B3:B7))/5
```

ಪ್ರತಿ ವಿಷಯ 100ಕ್ಕೆ ಇರುವಾಗ ಐದರಿಂದ ಭಾಗಿಸಿದರೆ ಸಾಕು, ಅದೇ ಪರ್ಸೆಂಟೇಜ್.

ಒಂದು ಎಚ್ಚರಿಕೆ. ಸಿಬಿಎಸ್ಇ ಕಾರ್ಡಿನಲ್ಲಿ ಅಂಕಗಳು 066, 094 ಹೀಗೆ ಮೂರಂಕಿಯಲ್ಲಿ ಇರುತ್ತವೆ. ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಿದರೆ ಕೆಲವೊಮ್ಮೆ ಅವು ಸಂಖ್ಯೆಯಾಗಿ ಬರದೆ ಬರಹವಾಗಿ ಕೂರುತ್ತವೆ. ಸೂತ್ರ ಅವುಗಳನ್ನು ಕೂಡಿಸುವುದೇ ಇಲ್ಲ, ತಪ್ಪು ಎಂದೂ ಹೇಳುವುದಿಲ್ಲ. ಪತ್ತೆ ಮಾಡುವುದು ಹೇಗೆ? ಕೋಶದಲ್ಲಿ ಮುಂದಿನ ಸೊನ್ನೆ ಹಾಗೇ ಉಳಿದಿದ್ದರೆ, ಅಂಕ ಬಲಕ್ಕೆ ಅಂಟದೆ ಎಡಕ್ಕೆ ಅಂಟಿದ್ದರೆ ಅದು ಬರಹ. ಅಳಿಸಿ ಕೈಯಿಂದ 66 ಎಂದು ಹೊಡೆಯಿರಿ.

ಹಂತ 6: ಗರಿಷ್ಠ ಅಂಕ ಒಂದೇ ಇಲ್ಲದಾಗ

ಕರ್ನಾಟಕದ ಎಸ್‌ಎಸ್‌ಎಲ್‌ಸಿಯವರು ಇಲ್ಲಿ ಗಮನ ಕೊಡಿ. ನಿಮ್ಮಲ್ಲಿ ಆರೂ ವಿಷಯ ಮುಖ್ಯವೇ, ಹೆಚ್ಚುವರಿ ಅನ್ನುವುದು ಇಲ್ಲ. ಪ್ರಥಮ ಭಾಷೆ 125ಕ್ಕೆ, ಉಳಿದ ಐದು 100ಕ್ಕೆ, ಒಟ್ಟು 625. ನಿಮ್ಮ ಸಾಮಾನ್ಯ ಪರ್ಸೆಂಟೇಜ್ ಅಂದರೆ 625ರ ಮೇಲಿನದೇ. ದ್ವಿತೀಯ ಪಿಯುಸಿಯಲ್ಲೂ ಹಾಗೇ, ಎರಡು ಭಾಷೆ ಮತ್ತು ನಾಲ್ಕು ವಿಷಯ ಸೇರಿ 600.

ಆದರೂ ಬೇರೆ ರಾಜ್ಯದ ಸಂಸ್ಥೆಯೊಂದು ನಿಮ್ಮಿಂದಲೂ ಐದರ ಲೆಕ್ಕ ಕೇಳಬಹುದು. ಕನ್ನಡ 125ಕ್ಕೆ 115, ಉಳಿದ ನಾಲ್ಕರಲ್ಲಿ 90, 88, 84, 79 ಎಂದುಕೊಳ್ಳಿ. ಮೊತ್ತ 456. ಇದನ್ನು 500ರಿಂದ ಭಾಗಿಸಿದರೆ ಶೇ. 91.2 ಬರುತ್ತದೆ, ಆದರೆ ಅದು ತಪ್ಪು. 125ಕ್ಕೆ ಬಂದ ಅಂಕವನ್ನು 100ಕ್ಕೆ ಬಂದಿದ್ದು ಎಂದು ಎಣಿಸಿದಂತಾಯಿತು.

ಮೊದಲು 115ನ್ನು 100ಕ್ಕೆ ಇಳಿಸಿ: 115 ಭಾಗಿಸು 125, ಗುಣಿಸು 100, ಅಂದರೆ 92. ಈಗ ಮೊತ್ತ 433, ಶೇ. 86.6. ಕೆಲವರು 456ನ್ನು 525ರಿಂದ ಭಾಗಿಸಿ 86.86 ಪಡೆಯುತ್ತಾರೆ. ಎರಡೂ ಲೆಕ್ಕದ ದೃಷ್ಟಿಯಿಂದ ತಪ್ಪಲ್ಲ, ಎರಡನೆಯದರಲ್ಲಿ ಕನ್ನಡಕ್ಕೆ ತೂಕ ಸ್ವಲ್ಪ ಜಾಸ್ತಿ. ಅರ್ಜಿಯಲ್ಲಿ "ಒಟ್ಟು 500ಕ್ಕೆ" ಎಂದಿದ್ದರೆ ಮೊದಲನೆಯದನ್ನೇ ಬರೆಯಿರಿ. ಯಾವುದನ್ನು ಬಿಡಬೇಕು ಎಂದು ನೋಡುವಾಗಲೂ 100ಕ್ಕೆ ಇಳಿಸಿದ ಮೇಲೆಯೇ ಹೋಲಿಸಿ. 125ಕ್ಕೆ 95 ಬಂದಿದ್ದರೆ ಅದು 100ಕ್ಕೆ 76 ಮಾತ್ರ, ಕಣ್ಣಿಗೆ ಮಾತ್ರ ದೊಡ್ಡದಾಗಿ ಕಾಣುತ್ತದೆ.

ಹಂತ 7: ಅರ್ಜಿಯಲ್ಲಿ ತುಂಬುವುದು

ಪಡೆದ ಅಂಕ, ಗರಿಷ್ಠ ಅಂಕ, ಪರ್ಸೆಂಟೇಜ್ ಎಂಬ ಮೂರು ಖಾನೆ ಇರುತ್ತವೆ. ಮೂರೂ ಒಂದೇ ಲೆಕ್ಕದಿಂದ ಬಂದಿರಬೇಕು. ಪರ್ಸೆಂಟೇಜ್ ಐದರದ್ದು, ಪಡೆದ ಅಂಕ ಆರರದ್ದು ಹಾಕಿದರೆ ಪರಿಶೀಲನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು. ಸೈಬರ್ ಸೆಂಟರ್‌ನಲ್ಲಿ ತುಂಬಿಸುವವರು ಸಬ್ಮಿಟ್ ಒತ್ತುವ ಮೊದಲು ಈ ಮೂರು ಖಾನೆಗಳನ್ನು ನೀವೇ ಓದಿ ನೋಡಿ.

ದಶಮಾಂಶ ಎರಡು ಅಂಕಿವರೆಗೆ ಬರೆಯಿರಿ. 74.96ನ್ನು 75 ಮಾಡಬೇಡಿ. ಕನಿಷ್ಠ ಶೇ. 75 ಬೇಕು ಎಂದಿರುವಲ್ಲಿ ಆ 0.04ನ್ನು ನೀವೇ ತುಂಬಿಕೊಳ್ಳುವ ಹಕ್ಕಿಲ್ಲ. ದುಂಡಗೆ ಮಾಡಬಹುದು ಎಂದು ಅರ್ಜಿಯಲ್ಲೇ ಬರೆದಿದ್ದರೆ ಮಾತು ಬೇರೆ.

ವಿಷಯವಾರು ಅಂಕ ತುಂಬುವ ಪಟ್ಟಿ ಇದ್ದರೆ ಆರನ್ನೂ ತುಂಬಿ, ಬಿಟ್ಟ ವಿಷಯವನ್ನು ಮುಚ್ಚಿಡಬೇಡಿ. ಐದನ್ನು ಆರಿಸುವುದು ಅವರ ಕೆಲಸ.

ಒಂದು ವಿಷಯದಲ್ಲಿ ಫೇಲಾಗಿದ್ದರೆ

ಸಿಬಿಎಸ್ಇ ಹತ್ತನೇ ತರಗತಿಯಲ್ಲಿ ಪಾಸಾಗಲು ಶೇ. 33 ಬೇಕು. ಮ್ಯಾಥ್ಸ್, ಸೈನ್ಸ್, ಸೋಷಿಯಲ್ ಪೈಕಿ ಒಂದರಲ್ಲಿ ಫೇಲಾಗಿ, ಆರನೆಯದಾಗಿ ಬರೆದ ಸ್ಕಿಲ್ ವಿಷಯದಲ್ಲಿ ಪಾಸಾಗಿದ್ದರೆ, ಫೇಲಾದ ವಿಷಯದ ಜಾಗಕ್ಕೆ ಸ್ಕಿಲ್ ವಿಷಯ ಬರುತ್ತದೆ. ಫಲಿತಾಂಶ ಪಾಸ್ ಎಂದೇ ಇರುತ್ತದೆ. ಉದಾಹರಣೆಗೆ ಮ್ಯಾಥ್ಸ್‌ನಲ್ಲಿ 27, ಇನ್ಫರ್ಮೇಷನ್ ಟೆಕ್ನಾಲಜಿಯಲ್ಲಿ 81 ಬಂದಿದ್ದರೆ ಆ ಮಗುವಿನ ಐದು ವಿಷಯಗಳಲ್ಲಿ 27ರ ಬದಲು 81 ಕೂರುತ್ತದೆ. ಇಲ್ಲಿ ಆರಿಸಲು ಏನೂ ಉಳಿದಿಲ್ಲ, ಆರನೆಯದು ಆಗಲೇ ಖರ್ಚಾಗಿದೆ.

ಆದರೆ ಇದರಿಂದ ಮ್ಯಾಥ್ಸ್ ಪಾಸಾದಂತಲ್ಲ. ಪಿಯುಸಿಯಲ್ಲಿ ಮ್ಯಾಥ್ಸ್ ಇರುವ ಕಾಂಬಿನೇಷನ್ ಬೇಕು ಅಂದರೆ ಕಾಲೇಜಿನವರು ಕಾರ್ಡಿನಲ್ಲಿ ಆ 27ನ್ನೇ ನೋಡುತ್ತಾರೆ. ಪಾಸ್ ಎಂದು ಬಂದಿದ್ದರೂ ಅದೇ ವರ್ಷದ ಎರಡನೇ ಬೋರ್ಡ್ ಪರೀಕ್ಷೆಯಲ್ಲಿ ಮ್ಯಾಥ್ಸ್ ಮತ್ತೆ ಬರೆಯಲು ಬೋರ್ಡ್ ಅವಕಾಶ ಕೊಡುತ್ತದೆ. ಅದಕ್ಕೆ ಶಾಲೆಯ ಮೂಲಕ ಹೆಸರು ಕೊಡಬೇಕು, ಕೊನೆ ದಿನಾಂಕ ರಿಸಲ್ಟ್ ಬಂದ ಸ್ವಲ್ಪ ದಿನದಲ್ಲೇ ಬಂದುಬಿಡುತ್ತದೆ. ಕಾಲೇಜು ಹುಡುಕಾಟ ಶುರು ಮಾಡುವ ಮೊದಲು ಶಾಲೆಯ ಆಫೀಸಿಗೆ ಹೋಗಿ ಆ ದಿನಾಂಕ ಕೇಳಿಕೊಳ್ಳಿ.